ಐದು ವಿಗ್ರಹಗಳ ತಕರಾರು

ಪ್ರವಾದಿ ನೂಹರ ಜನ ತಮ್ಮ ಐದು ದೇವತೆಗಳನ್ನು ಬಿಡಲೊಲ್ಲದೆ ಪ್ರಳಯದಲ್ಲಿ ಮುಳುಗಿದ ಕತೆ ಕುರ್‌ಆನಿನ 71ನೇ ಅಧ್ಯಾಯದಲ್ಲಿದೆ. ಓದಿದವರಿಗೆ ಅದು ವಿಗ್ರಹಾರಾಧನೆಗೆ ಬಿದ್ದ ಶಿಕ್ಷೆ, ಅಷ್ಟೇ. ಆದರೆ ಸ್ಪೇನಿನ ಮುರ್ಸಿಯಾದಲ್ಲಿ ಹುಟ್ಟಿ ದಮಾಸ್ಕಸ್‌ನಲ್ಲಿ ನೆಲೆಸಿದ್ದ ಸೂಫಿ ಇಬ್ನ್ ಅರಬಿ (1165–1240) ‘ಫುಸೂಸುಲ್ ಹಿಕಮ್’ ಎಂಬ ಪುಸ್ತಕದಲ್ಲಿ ಆ ಕತೆಯನ್ನೇ ತಿರುಗಿಸಿ ಓದಿದರು. ಆ ಜನ ವಿಗ್ರಹಗಳನ್ನು ಬಿಟ್ಟಿದ್ದರೆ, ಅವುಗಳಲ್ಲಿ ತೋರುತ್ತಿದ್ದಷ್ಟು ಸತ್ಯವನ್ನೂ ಕಳೆದುಕೊಳ್ಳುತ್ತಿದ್ದರಂತೆ. ಅವರು ಮುಳುಗಿದ್ದು ದೈವಜ್ಞಾನದ ಕಡಲಿನಲ್ಲಂತೆ!

ಇದರ ಹಿಂದಿರುವ ತರ್ಕಕ್ಕೆ ಮುಂದಿನವರು ‘ವಹ್ದತುಲ್ ವುಜೂದ್’, ಅಂದರೆ ಇರವಿನ ಏಕತೆ ಎಂದು ಹೆಸರಿಟ್ಟರು. ನಿಜವಾದ ಇರವು ದೇವರೊಬ್ಬನದು. ಉಳಿದದ್ದೆಲ್ಲ ಕನ್ನಡಿಯೊಳಗಿನ ಬಿಂಬದ ಹಾಗೆ, ಅವನ ಇರವಿನಿಂದಲೇ ಕಾಣಿಸಿಕೊಳ್ಳುತ್ತದೆ. ನಮಗೆ ಥಟ್ಟನೆ ಶಂಕರರ ನೆನಪಾಗುತ್ತದೆ. ಆದರೆ ಇಬ್ನ್ ಅರಬಿಗೆ ಜಗತ್ತು ತಳ್ಳಿಹಾಕಬೇಕಾದ ಭ್ರಮೆಯಲ್ಲ, ದೇವರು ತನ್ನನ್ನು ತೋರಿಕೊಳ್ಳುವ ಜಾಗ. ಶರೀಅತ್ತಿನ ಆಚರಣೆಗಳನ್ನೂ ಅವರು ಕೈಬಿಟ್ಟವರಲ್ಲ.

ಹಾಗಿದ್ದರೂ ದಮಾಸ್ಕಸ್‌ನ ಇಬ್ನ್ ತೈಮಿಯ್ಯಾ (1263–1328) ಸುಮ್ಮನಿರಲಿಲ್ಲ. ಮೊದಮೊದಲು ಇಬ್ನ್ ಅರಬಿಯ ಬಗ್ಗೆ ತಮಗೂ ಒಳ್ಳೆಯ ಅಭಿಪ್ರಾಯವಿತ್ತು, ‘ಫುಸೂಸ್’ ಓದಿದ ಮೇಲೆ ಅದು ಹೋಯಿತು ಎಂದು ಅವರೇ ಬರೆದಿದ್ದಾರೆ. ಅವರ ಆಕ್ಷೇಪ ಬರೀ ಸಿಟ್ಟಿನದಲ್ಲ. ‘ಮನುಷ್ಯತ್ವ’ ಎಂಬುದು ನಮ್ಮ ತಲೆಯೊಳಗಿನ ಕಲ್ಪನೆ. ಬೀದಿಯಲ್ಲಿ ಸಿಗುವವರು ಬೇರೆ ಬೇರೆ ಮನುಷ್ಯರೇ. ‘ಇರವು’ ಕೂಡ ಹಾಗೆಯೇ. ಪದ ಒಂದೇ ಎಂದಮಾತ್ರಕ್ಕೆ ಸೃಷ್ಟಿಸಿದವನ ಇರವೂ ಸೃಷ್ಟಿಯ ಇರವೂ ಒಂದಾಗುವುದಿಲ್ಲ. ಅವೆರಡೂ ಒಂದೇ ಆದರೆ ಆಜ್ಞೆ ಮಾಡುವವನು ಯಾರು, ಪಾಲಿಸುವವನು ಯಾರು? ವಿಗ್ರಹದ ಮುಂದೆ ಬಾಗಿದವನೂ ಅಲ್ಲಾಹನಿಗೇ ಬಾಗಿದನೆಂದಾದರೆ, ಪ್ರವಾದಿಗಳು ಯಾವುದರ ವಿರುದ್ಧ ಬಂದರು? ಕಾನೂನು ಪಂಡಿತರನ್ನು ನಿಜಕ್ಕೂ ಕಾಡಿದ್ದು ಈ ಕೊನೆಯ ಪ್ರಶ್ನೆಯೇ. ಇದಕ್ಕೆ ಇಬ್ನ್ ಅರಬಿಯ ಬೆಂಬಲಿಗರು ಕೊಟ್ಟ ಉತ್ತರ ನನಗಂತೂ ಸುಲಭಕ್ಕೆ ದಕ್ಕುವುದಿಲ್ಲ: ವಸ್ತುಗಳು ದೇವರಲ್ಲ, ದೇವರ ಹೊರತೂ ಅಲ್ಲ ಎನ್ನುತ್ತಾರೆ.

ಇದನ್ನು ಸೂಫಿಗಳಿಗೂ ಮುಲ್ಲಾಗಳಿಗೂ ನಡೆದ ಜಗಳ ಎಂದುಕೊಂಡರೆ ತಪ್ಪಾಗುತ್ತದೆ. ಕಲಬುರಗಿಯ ದರ್ಗಾದಲ್ಲಿ ಮಲಗಿರುವ ಖ್ವಾಜಾ ಬಂದೇನವಾಜ್ ಗೇಸುದರಾಜ್ (ನಿಧನ 1422) ಚಿಶ್ತಿ ಪಂಥದ ದೊಡ್ಡ ಸೂಫಿ. ಅವರೂ ಇಬ್ನ್ ಅರಬಿಯ ಮತವನ್ನು ಒಪ್ಪಲಿಲ್ಲ.

ಸುಮಾರು ಎರಡು ಶತಮಾನ ಕಳೆದ ಮೇಲೆ ಪಂಜಾಬಿನ ಶೇಖ್ ಅಹ್ಮದ್ ಸರ್ಹಿಂದಿ (1564–1624) ಹಗಲಿನ ಆಕಾಶದ ಉದಾಹರಣೆ ಕೊಟ್ಟರು. ಸೂರ್ಯನ ಬೆಳಕಿನಲ್ಲಿ ನಕ್ಷತ್ರ ಕಾಣುವುದಿಲ್ಲ. ‘ಸೂರ್ಯನಷ್ಟೇ ಕಾಣುತ್ತಾನೆ’ ಎಂದರೆ ಸರಿ. ‘ನಕ್ಷತ್ರಗಳೇ ಇಲ್ಲ’ ಎಂದರೆ ಸುಳ್ಳು. ಹಾಗಾಗಿ ಸಾಧಕನಿಗಾಗುವ ಏಕತೆ ನೋಟದ್ದು, ಇರವಿನದಲ್ಲ. ಅದನ್ನು ‘ವಹ್ದತುಶ್ ಶುಹೂದ್’ ಎಂದು ಕರೆದರು. ಎಲ್ಲವೂ ಒಂದೇ ಎಂದು ಕಾಣುವ ಆ ಹಂತದಲ್ಲಿ ತಾವೂ ಬಹುಕಾಲ ನಿಂತಿದ್ದು, ಆಮೇಲೆ ದಾಟಿ ಬಂದದ್ದಾಗಿ ತಮ್ಮ ಪತ್ರಗಳಲ್ಲಿ ಹೇಳಿಕೊಂಡಿದ್ದಾರೆ.