ಇಳುವರಿ ಅಂಕಿ ಕೇಳುವ ಪತ್ರ

ಮಳೆ ಕೈಕೊಟ್ಟ ವರ್ಷ ರಾಗಿ ಬೆಳೆದವರಿಗೆ ಬೆಳೆ ವಿಮೆಯ ಹಣ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದು ಮಳೆಯೊಂದನ್ನೇ ನಂಬಿಕೊಂಡಿಲ್ಲ. ಒಂದು ಇಲಾಖೆ ಇನ್ನೊಂದು ಇಲಾಖೆಗೆ ಬರೆಯುವ ಪತ್ರದ ಮೇಲೂ ಅದು ನಿಂತಿದೆ.

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟವನ್ನು ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ಅಳೆಯುವುದಿಲ್ಲ. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಅಲ್ಲಿ ಕನಿಷ್ಠ 4 ಹೊಲಗಳನ್ನು ಆರಿಸಿ, ಗೊತ್ತಾದ ಅಳತೆಯ ತುಂಡಿನ ಪೈರು ಕೊಯ್ದು ತೂಗುತ್ತಾರೆ. ಇದೇ ಬೆಳೆ ಕಟಾವು ಪ್ರಯೋಗ. ಕಂದಾಯ, ಕೃಷಿ ಮುಂತಾದ ಇಲಾಖೆಗಳ ಸಿಬ್ಬಂದಿ ನಡೆಸುವ ಈ ಪ್ರಯೋಗಗಳ ಅಂಕಿಗಳು ಕೂಡುವುದು ಸಾಂಖ್ಯಿಕ ಇಲಾಖೆಯಲ್ಲಿ. ವಿಮೆಯ ಪರಿಹಾರಕ್ಕಾಗಿ ರೈತರು ಬಂದು ವಿಚಾರಿಸುವುದು ಕೃಷಿ ಇಲಾಖೆಯಲ್ಲಿ. ಹಾಗಾಗಿ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರು ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗೆ ಪತ್ರ ಬರೆಯುವ ಸಂದರ್ಭವನ್ನೇ ಉದಾಹರಣೆಯಾಗಿ ನೋಡೋಣ.

‘ತಾಲ್ಲೂಕಿನ ರಾಗಿ ಇಳುವರಿ ವಿವರವನ್ನು ತುರ್ತಾಗಿ ಕಳುಹಿಸುವುದು’ ಎಂದಷ್ಟೇ ಬರೆದರೆ ತಾಲ್ಲೂಕಿನ ಸರಾಸರಿ ಒಂದೇ ಸಾಲಿನಲ್ಲಿ ಬರಬಹುದು. ಅದು ಸುಳ್ಳಲ್ಲ, ಆದರೆ ವಿಮೆಗೆ ಉಪಯೋಗವಿಲ್ಲ. ಆದ್ದರಿಂದ ಉದ್ದೇಶ ಮೊದಲು ಬರಬೇಕು: ‘ಮುಂಗಾರು ಹಂಗಾಮಿನ ಮಳೆಯಾಶ್ರಿತ ರಾಗಿಗೆ ಗ್ರಾಮ ಪಂಚಾಯಿತಿವಾರು ವಿಮಾ ಪರಿಹಾರ ಲೆಕ್ಕ ಹಾಕಲು’. ಇಷ್ಟು ಓದಿದರೆ ನೀರಾವರಿ ರಾಗಿಯನ್ನು ಬೇರೆ ಇಡಬೇಕು, ಪ್ರತಿ ಪಂಚಾಯಿತಿಗೂ ಒಂದು ಸಾಲು ಬೇಕು ಎಂಬುದು ಅಂಕಿ ತುಂಬುವವರಿಗೆ ತಾನಾಗಿ ತಿಳಿಯುತ್ತದೆ.

ಹೆಚ್ಚು ಎಡವುವುದು ನಮೂನೆಯಲ್ಲಿ. ಪಂಚಾಯಿತಿಯ ಹೆಸರಿನ ಜೊತೆಗೆ ಅದರ ಸಂಕೇತ ಸಂಖ್ಯೆಗೂ ಒಂದು ಕಾಲಂ ಇರಬೇಕು, ಏಕೆಂದರೆ ಒಂದೇ ಹೆಸರಿನ ಊರುಗಳು ಬಹಳ. ಇಳುವರಿ ಹೆಕ್ಟೇರಿಗೆ ಎಷ್ಟು ಕಿಲೋ ಎಂದಿರಬೇಕು. ಕೆಲವರು ಎಕರೆಗೆ ಕ್ವಿಂಟಾಲ್ ಲೆಕ್ಕದಲ್ಲಿ ಬರೆದರೆ ಸಾಲುಗಳನ್ನು ಹೋಲಿಸಲಾಗದು. ತೂಕ ಹಸಿಯದೋ ಒಣಗಿದ್ದೋ ಎಂಬುದನ್ನೂ ಕೇಳಬೇಕು.

ಇದು ಸಣ್ಣ ವಿಷಯವಲ್ಲ ಎಂಬುದು ಲೆಕ್ಕ ಹಾಕಿದರೆ ಕಾಣುತ್ತದೆ. ಒಂದು ಪಂಚಾಯಿತಿಯ ಖಾತರಿ ಇಳುವರಿ ಹೆಕ್ಟೇರಿಗೆ 1,500 ಕಿಲೋ, ವಿಮಾ ಮೊತ್ತ 40,000 ರೂಪಾಯಿ ಎಂದುಕೊಳ್ಳೋಣ. ಒಣಗಿಸಿದ ಕಾಳಿನ ಇಳುವರಿ 900 ಕಿಲೋ ಬಂದರೆ ಕೊರತೆ ಶೇಕಡಾ 40, ಪರಿಹಾರ 16,000 ರೂಪಾಯಿ. ಅದೇ ಕಾಳಿನ ಹಸಿ ತೂಕ 1,100 ಕಿಲೋ ಇದ್ದು, ಅದನ್ನೇ ಬರೆದುಬಿಟ್ಟರೆ ಪರಿಹಾರ ಸುಮಾರು 10,667 ರೂಪಾಯಿಗೆ ಇಳಿಯುತ್ತದೆ. ಒಂದು ಕಾಲಂನ ತಲೆಬರಹದಲ್ಲಿ ‘ಒಣ ತೂಕ’ ಎಂದು ಇಲ್ಲದ ಕಾರಣಕ್ಕೆ ಆ ಪಂಚಾಯಿತಿಯ ಪ್ರತಿ ವಿಮಾದಾರ ಹೆಕ್ಟೇರಿಗೆ ಐದು ಸಾವಿರಕ್ಕೂ ಹೆಚ್ಚು ಕಳೆದುಕೊಳ್ಳುತ್ತಾನೆ.

ಖಾಲಿ ಮನೆ ಇನ್ನೂ ಅಪಾಯಕಾರಿ. ಪ್ರಯೋಗ ನಡೆಸಿ, ಪೈರು ಪೂರ್ತಿ ಒಣಗಿದ್ದರಿಂದ ಏನೂ ಸಿಗದಿದ್ದರೆ ಅದು ಸೊನ್ನೆ. ಪ್ರಯೋಗವೇ ನಡೆಯದಿದ್ದರೆ ಅದು ಸೊನ್ನೆಯಲ್ಲ. ಎರಡನ್ನೂ ಖಾಲಿ ಬಿಟ್ಟರೆ ಎಲ್ಲವನ್ನೂ ಕಳೆದುಕೊಂಡ ಊರು ಲೆಕ್ಕದಿಂದಲೇ ಬಿಟ್ಟುಹೋಗಬಹುದು. ‘ಇಳುವರಿ ಇಲ್ಲದಿದ್ದರೆ 0 ಎಂದು, ಪ್ರಯೋಗ ನಡೆಯದಿದ್ದರೆ “ನಡೆದಿಲ್ಲ” ಎಂದು ಕಾರಣ ಸಹಿತ ನಮೂದಿಸುವುದು’ ಎಂಬ ಒಂದು ವಾಕ್ಯ ಈ ಗೊಂದಲವನ್ನು ತಪ್ಪಿಸುತ್ತದೆ.

ಇನ್ನು ಗಡುವು. ‘ತುರ್ತು’, ‘ಶೀಘ್ರವಾಗಿ’ ಎಂಬ ಪದಗಳು ದಿನಾಂಕದ ಕೆಲಸ ಮಾಡುವುದಿಲ್ಲ. ಕೊಯ್ಲು ಮುಗಿದ ಒಂದು ತಿಂಗಳೊಳಗೆ ಇಳುವರಿ ಅಂಕಿ ವಿಮಾ ಕಂಪನಿಗೆ ಸೇರಬೇಕೆಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಆ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಕೊನೆಯ ದಿನ ಜನವರಿ 20 ಆಗಿದ್ದರೆ ಪತ್ರ ಕೇಳಬೇಕಾದ್ದು ಜನವರಿ 8ಕ್ಕೆ. ನಡುವಿನ ದಿನಗಳು ಅನುಮಾನದ ಸಾಲುಗಳನ್ನು ಮೂಲ ನಮೂನೆಯೊಂದಿಗೆ ತಾಳೆ ನೋಡಲು ಬೇಕು. ಪಕ್ಕಪಕ್ಕದ ಎರಡು ಪಂಚಾಯಿತಿಗಳಲ್ಲಿ ಒಂದರದ್ದು 900, ಇನ್ನೊಂದರದ್ದು 9 ಎಂದಿದ್ದರೆ ಎರಡನೆಯದು ಹೆಕ್ಟೇರಿಗೆ ಕ್ವಿಂಟಾಲ್ ಲೆಕ್ಕವಿರಬಹುದು. ಫೋನ್ ಮಾಡಿ ಕೇಳದೆ ತಿದ್ದಬಾರದು.

ತಡವಾದರೆ ಏನಾಗುತ್ತದೆ ಎಂಬುದನ್ನು ಬೆದರಿಕೆಯಂತೆ ಬರೆಯಬೇಕಿಲ್ಲ, ನಿಜವನ್ನು ಬರೆದರೆ ಸಾಕು. ಇಳುವರಿ ಅಂಕಿ ಸಿಗುವವರೆಗೆ ವಿಮಾ ಕಂಪನಿ ಲೆಕ್ಕ ಹಾಕುವಂತಿಲ್ಲ. ಅದಕ್ಕಿರುವ ಕಾಲಮಿತಿಯೂ ಅಂಕಿ ಕೈಸೇರಿದ ಮೇಲೆಯೇ ಶುರುವಾಗುತ್ತದೆ. 2020ರಲ್ಲಿ ಮಾಡಿದ ಬದಲಾವಣೆಯ ಪ್ರಕಾರ, ಗಡುವು ಮೀರಿಯೂ ರಾಜ್ಯ ಅಂಕಿ ಕೊಡದಿದ್ದರೆ ತಂತ್ರಜ್ಞಾನದ ಮೂಲಕ ಅಂದಾಜಿಸಿದ ಇಳುವರಿಯ ಮೇಲೆ ಪರಿಹಾರ ಇತ್ಯರ್ಥ ಮಾಡಬಹುದು. ಹೊಲದಲ್ಲಿ ನಿಂತು ತೂಗಿದ ತೂಕ ಆಗ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಪತ್ರದ ಕೊನೆಯ ಭಾಗ ಹೀಗಿರಲಿ: ‘ಜನವರಿ 8ರೊಳಗೆ ಎಲ್ಲ ಪಂಚಾಯಿತಿಗಳ ವಿವರ ಸಿದ್ಧವಾಗದಿದ್ದಲ್ಲಿ, ಮುಗಿದಿರುವವುಗಳನ್ನು ಅಂದೇ ಕಳುಹಿಸಿ, ಉಳಿದವುಗಳ ಪಟ್ಟಿ, ಕಾರಣ ಮತ್ತು ದಿನಾಂಕ ತಿಳಿಸಲು ಕೋರಿದೆ. ಜನವರಿ 12ರ ನಂತರವೂ ಬಾಕಿ ಇರುವ ಪಂಚಾಯಿತಿಗಳ ವಿಷಯವನ್ನು ಮಾನ್ಯ ಜಿಲ್ಲಾಧಿಕಾರಿಯವರ ಗಮನಕ್ಕೆ ತರಲಾಗುವುದು’. ಹೀಗೆ ಬರೆದರೆ ಮೂರು ಪಂಚಾಯಿತಿಗಳ ಬಾಕಿಗಾಗಿ ಮೂವತ್ತು ಪಂಚಾಯಿತಿಗಳ ರೈತರು ಕಾಯಬೇಕಾಗುವುದಿಲ್ಲ.