ಪ್ರೈವೇಟ್ ಖಾತೆಯಲ್ಲೂ ಅಪರಿಚಿತರಿಗೆ ಕಾಣುವುದೇನು?

ಪಿಯುಸಿ ಓದುವಾಗ ಇನ್‌ಸ್ಟಾಗ್ರಾಂ ಖಾತೆ ತೆರೆದ ಹುಡುಗಿಯೊಬ್ಬಳಿಗೆ ಈಗ 600 ಫಾಲೋವರ್‌ಗಳಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಅರ್ಧದಷ್ಟು ಜನ ಯಾರೆಂದೇ ಅವಳಿಗೆ ಗೊತ್ತಿಲ್ಲ. ಒಂದು ದಿನ ಯಾರೋ ಕೆಟ್ಟ ಕಮೆಂಟ್ ಹಾಕಿದರು. ಅವಳು ಸೆಟ್ಟಿಂಗ್ಸ್‌ಗೆ ಹೋಗಿ, Account privacy ತೆರೆದು, ಖಾತೆಯನ್ನು ಪ್ರೈವೇಟ್ ಮಾಡಿ ನಿರಾಳವಾದಳು. ಆದರೆ ಆ ಕಮೆಂಟ್ ಹಾಕಿದವನು ಮೊದಲಿನಿಂದಲೂ ಫಾಲೋವರ್ ಆಗಿದ್ದರೆ ಅವನಿಗೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ.

ಖಾತೆ ಪ್ರೈವೇಟ್ ಆದರೆ ತಡೆ ಬೀಳುವುದು ಹೊಸಬರಿಗೆ ಮಾತ್ರ. ಅವರು Follow ಒತ್ತಿದರೆ ಅಲ್ಲಿ Requested ಎಂದು ಬರುತ್ತದೆ, ಮನವಿ ನಿಮ್ಮ ಬಳಿ ಬಂದು ಕಾಯುತ್ತದೆ. Confirm ಒತ್ತುವವರೆಗೂ ಅವರಿಗೆ ನಿಮ್ಮ ಫೋಟೊ, ರೀಲ್ಸ್, ಸ್ಟೋರಿ ಯಾವುದೂ ಕಾಣುವುದಿಲ್ಲ. Delete ಒತ್ತಿದರೆ ಅವರಿಗೆ ಸುದ್ದಿ ಹೋಗುವುದಿಲ್ಲ, ಆದರೆ ಅವರು ಮತ್ತೆ ಮನವಿ ಕಳಿಸಬಹುದು. ಅದೂ ಬೇಡವೆನಿಸಿದರೆ ಬ್ಲಾಕ್ ಮಾಡಬೇಕು. ಹಳಬರನ್ನು ಹೊರಗಿಡಬೇಕಾದರೆ ಫಾಲೋವರ್ ಪಟ್ಟಿ ತೆರೆದು, ಬೇಡದವರ ಹೆಸರಿನ ಪಕ್ಕದ Remove ಒತ್ತಬೇಕು. ಬೇಸರದ ಕೆಲಸ, ನಿಜ. ಆದರೂ ಪ್ರೈವೇಟ್ ಮಾಡಿದ ದಿನವೇ ಇದನ್ನೂ ಮುಗಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಒಪ್ಪಿಗೆ ಸಿಗದವರಿಗೆ ಕಾಣುವುದೇನು? ಯೂಸರ್‌ನೇಮ್, ಹೆಸರು, ಪ್ರೊಫೈಲ್ ಫೋಟೊ, ಬಯೋ, ಅದರಲ್ಲಿ ಕೊಟ್ಟ ಲಿಂಕ್ ಇವೆಲ್ಲ ಕಾಣುತ್ತವೆ. ಎಷ್ಟು ಪೋಸ್ಟ್, ಎಷ್ಟು ಫಾಲೋವರ್ ಎಂಬ ಸಂಖ್ಯೆಯೂ ಕಾಣುತ್ತದೆ, ಫಾಲೋವರ್‌ಗಳ ಪಟ್ಟಿ ಮಾತ್ರ ತೆರೆಯುವುದಿಲ್ಲ. ಬಯೋದಲ್ಲಿ ಕಾಲೇಜು, ಊರು, ಹುಟ್ಟಿದ ದಿನ ಬರೆದುಕೊಂಡವರು ಅಷ್ಟನ್ನೂ ಅಪರಿಚಿತರ ಕೈಗಿಟ್ಟ ಹಾಗೆಯೇ. ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆಯುವವನಿಗೆ ಹೆಸರು, ಫೋಟೊ ಎರಡೇ ಸಾಕು. ಹಾಗಾಗಿ ಪರಿಚಿತರ ಹೆಸರಿನಿಂದ ಎರಡನೇ ಬಾರಿ ಮನವಿ ಬಂದರೆ Confirm ಒತ್ತುವ ಮೊದಲು ಅವರಿಗೇ ಫೋನ್ ಮಾಡಿ ಕೇಳಿ.

ಅನೇಕರ ಗಮನಕ್ಕೆ ಬಾರದ ಇನ್ನೊಂದು ದಾರಿಯಿದೆ. ಆ ಹುಡುಗಿ ಯಾವುದೋ ಸಿನಿಮಾ ಪೇಜಿನ ಪಬ್ಲಿಕ್ ಪೋಸ್ಟಿಗೆ ಕಮೆಂಟ್ ಹಾಕಿದರೆ ಅದನ್ನು ಯಾರು ಬೇಕಾದರೂ ಓದಬಹುದು. ಗೆಳತಿಯ ಖಾತೆ ಪಬ್ಲಿಕ್ ಆಗಿದ್ದು, ಇವಳಿರುವ ಮದುವೆ ಫೋಟೊವನ್ನು ಅವಳು ಅಲ್ಲಿ ಹಾಕಿದರೆ ಆ ಫೋಟೊ ಲೋಕಕ್ಕೆಲ್ಲ ಕಾಣುತ್ತದೆ. ಅಲ್ಲಿ ನಡೆಯುವುದು ಗೆಳತಿಯ ಖಾತೆಯ ನಿಯಮ, ಇವಳದ್ದಲ್ಲ. ಟ್ಯಾಗ್ ಮಾಡಿದ್ದರೆ ಇವಳು ಅದನ್ನು ತೆಗೆಯಬಹುದು. ಫೋಟೊವನ್ನೇ ತೆಗೆಸಬೇಕಾದರೆ ಗೆಳತಿಯನ್ನೇ ಕೇಳಬೇಕು. ಅಪರಿಚಿತರ ಮೆಸೇಜುಗಳೂ ತಾವಾಗಿ ನಿಲ್ಲುವುದಿಲ್ಲ, ಮನವಿಗಳ ರೂಪದಲ್ಲಿ ಬರುತ್ತಲೇ ಇರುತ್ತವೆ. ಅವನ್ನು ತಡೆಯುವ ಸೆಟ್ಟಿಂಗ್ ಬೇರೆಯೇ ಇದೆ.

ನಿಮ್ಮ ಖಾತೆ ಹೊರಗಿನವರಿಗೆ ಹೇಗೆ ಕಾಣುತ್ತದೆಂದು ತಿಳಿಯಬೇಕೆಂದರೆ, ನಿಮ್ಮನ್ನು ಫಾಲೋ ಮಾಡದ ಯಾರದಾದರೂ ಫೋನಿನಲ್ಲಿ ನಿಮ್ಮ ಹೆಸರು ಹುಡುಕಿ ನೋಡಿ.