ತೊಂಬತ್ತು ಪುಟದ ಒಂದು ಕಡತ

ಹತ್ತು ಪಿಡಿಎಫ್‌ಗಳನ್ನು ಒಂದಾಗಿಸಲು ಎಷ್ಟು ಹೊತ್ತು ಬೇಕು? ಅಂಟಿಸುವುದಕ್ಕಷ್ಟೇ ಆದರೆ ಅರ್ಧ ನಿಮಿಷ ಸಾಕು. ಆದರೆ ಹಾಗೆ ಅಂಟಿಸಿದ್ದನ್ನು ಹೈಕೋರ್ಟಿಗೆ ಇ-ಫೈಲಿಂಗ್ ಮಾಡಿದರೆ ಆಫೀಸ್ ಆಬ್ಜೆಕ್ಷನ್ ಹೊತ್ತು ವಾಪಸು ಬರುವುದು ಹೆಚ್ಚುಕಮ್ಮಿ ಖಚಿತ. ಎಲ್ಲ ಪುಟಗಳೂ ಎ4 ಅಳತೆಯಲ್ಲಿರಬೇಕು, ಸಂಖ್ಯೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಡಿಯದೆ ಓಡಬೇಕು, ಪ್ರತಿ ಅನುಬಂಧಕ್ಕೂ ಬುಕ್‌ಮಾರ್ಕ್ ಇರಬೇಕು. ನ್ಯಾಯಮೂರ್ತಿಗಳು "ಪುಟ 80" ಎಂದಾಗ ಎದುರು ಪಕ್ಷದ ವಕೀಲರ ಪರದೆಯ ಮೇಲೂ ಅದೇ ಪಹಣಿ ತೆರೆದುಕೊಳ್ಳಬೇಕು.

ನನ್ನ ಸೋದರಮಾವನ ಮಗ ವಕೀಲ. ಅವನ ಕಚೇರಿಯಲ್ಲಿ ಕೂತು ಒಂದು ಪಾಲುದಾವೆಯ ಮೇಲ್ಮನವಿಯನ್ನು ಕಟ್ಟಿದ ಅನುಭವವೇ ಈ ಲೇಖನದ ಬಂಡವಾಳ.

ನಮ್ಮ ಮುಂದಿದ್ದದ್ದು ಇಷ್ಟು: ಇಂಡೆಕ್ಸ್ 2 ಪುಟ, ದಿನಾಂಕಗಳ ಪಟ್ಟಿ 4, ಮೇಲ್ಮನವಿ 18, ಅಫಿಡವಿಟ್ 2, ಕೆಳಗಿನ ನ್ಯಾಯಾಲಯದ ತೀರ್ಪು 41, ಹಳೆಯ ಕೈಬರಹದ ಕ್ರಯಪತ್ರ 12, ಪಹಣಿ 6, ಋಣಭಾರ ಪ್ರಮಾಣಪತ್ರ 3, ವಂಶವೃಕ್ಷ 1, ವಕಾಲತ್ತು 1. ಒಟ್ಟು ತೊಂಬತ್ತು. ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುವುದೇ ಅರ್ಧ ಕೆಲಸ. ಇಂಡೆಕ್ಸಿನಲ್ಲಿ ಪುಟಸಂಖ್ಯೆ ತುಂಬಬೇಕಾದರೆ ಉಳಿದದ್ದೆಲ್ಲ ಸಿದ್ಧವಾಗಿರಬೇಕು. ಉಳಿದದ್ದರ ಸಂಖ್ಯೆ ಹಾಕಬೇಕಾದರೆ ಇಂಡೆಕ್ಸ್ ಎಷ್ಟು ಪುಟ ಹಿಡಿಯುತ್ತದೆಂದು ಗೊತ್ತಿರಬೇಕು. ಹಾಗಾಗಿ ಇಂಡೆಕ್ಸಿಗೆ ಎರಡು ಪುಟ ಎಂದು ಮೊದಲೇ ಗೆರೆ ಎಳೆದು, ಸಂಖ್ಯೆಯ ಕಾಲಮ್ಮನ್ನು ಖಾಲಿ ಬಿಟ್ಟೆವು.

ಲೆಕ್ಕ ತಪ್ಪುವುದು ಸ್ಕ್ಯಾನರಿನಲ್ಲಿ. ತೀರ್ಪಿನ ನಕಲನ್ನು ಎರಡೂ ಬದಿ ಸ್ಕ್ಯಾನ್ ಮಾಡಿಸಿದಾಗ ಕೊನೆಯ ಹಾಳೆಯ ಖಾಲಿ ಹಿಂಬದಿಯೂ ಒಂದು ಪುಟವಾಗಿ ಒಳಗೆ ಬಂದಿತ್ತು. ನಾವು 41 ಎಂದುಕೊಂಡದ್ದು ಕಡತದಲ್ಲಿ 42. ಗಮನಿಸದೇ ಇದ್ದಿದ್ದರೆ ಕ್ರಯಪತ್ರದಿಂದ ಮುಂದಕ್ಕೆ ಇಂಡೆಕ್ಸಿನ ಪ್ರತಿ ಸಂಖ್ಯೆಯೂ ಒಂದೊಂದು ಹಿಂದೆ ಬೀಳುತ್ತಿತ್ತು. ಆದ್ದರಿಂದ ಪ್ರತಿ ಕಡತದ ಪುಟಗಳನ್ನು ಕಣ್ಣಿನಿಂದಲ್ಲ, ಯಂತ್ರದಿಂದ ಎಣಿಸಬೇಕು. ಉಚಿತವಾಗಿ ಸಿಗುವ qpdf ಎಂಬ ತಂತ್ರಾಂಶಕ್ಕೆ ಹೀಗೆ ಕೇಳಿದರೆ ಸಂಖ್ಯೆಯನ್ನಷ್ಟೇ ಹೇಳುತ್ತದೆ:

```
qpdf --show-npages judgment.pdf
```

ಇನ್ನು ಅಳತೆಯ ವಿಷಯ. ಇಡೀ ಕೆಲಸದಲ್ಲಿ ನಮ್ಮನ್ನು ಹೆಚ್ಚು ಸತಾಯಿಸಿದ್ದು ಇದೇ. ಕ್ರಯಪತ್ರ ಇದ್ದದ್ದು ಲೀಗಲ್ ಅಳತೆಯ ಹಾಳೆಯಲ್ಲಿ: 355.6 ಮಿ.ಮೀ. ಉದ್ದ, 215.9 ಅಗಲ. ಎ4 ಎಂದರೆ 297 ಮತ್ತು 210. "ಫಿಟ್" ಒತ್ತಿದರೆ ಉದ್ದ ಸರಿಯಾಗಿ ಕೂರುತ್ತದೆ, ಆದರೆ ಮೇಲೆ ಒಂದು ಕೂದಲೆಳೆಯಷ್ಟೂ ಜಾಗ ಉಳಿಯುವುದಿಲ್ಲ. ಆಗ ನಾವು ಹಾಕುವ ಹೆಡರ್ ನೇರವಾಗಿ ಸಬ್ ರಿಜಿಸ್ಟ್ರಾರರ ಮೊಹರಿನ ಮೇಲೆ ಹೋಗಿ ಕೂರುತ್ತದೆ. ಮೊಹರು ಮುಚ್ಚಿದ ಕ್ರಯಪತ್ರವನ್ನು ಯಾರು ಒಪ್ಪುತ್ತಾರೆ? ನಾವು ಪ್ರಿಂಟ್ ಕಿಟಕಿಯಲ್ಲಿ ಕಾಗದ ಎ4, ಅಳತೆ ಶೇ. 75 ಎಂದು ಕೊಟ್ಟು ಹೊಸ ಪಿಡಿಎಫ್ ಆಗಿ ಉಳಿಸಿಕೊಂಡೆವು. ಉದ್ದ 267 ಮಿ.ಮೀ.ಗೆ ಇಳಿಯಿತು, ಮೇಲೂ ಕೆಳಗೂ 15 ಮಿ.ಮೀ. ಬಿಡುವಾಯಿತು. ಬದಲಿಗೆ ಕೈಬರಹ ಸಣ್ಣದಾಯಿತು. ಪರದೆಯಲ್ಲಾದರೆ ಹಿಗ್ಗಿಸಿ ಓದಬಹುದು, ಮುದ್ರಿಸಿದ ಪ್ರತಿಯಲ್ಲಿ ಕಣ್ಣು ಕಿರಿದು ಮಾಡಲೇಬೇಕು. ಇದಕ್ಕೆ ನನಗೆ ಬೇರೆ ದಾರಿ ಕಾಣಲಿಲ್ಲ.

ಪಹಣಿಯದು ಇನ್ನೊಂದು ತಕರಾರು, ಅದು ಅಡ್ಡ ಹಾಳೆ. ಜೊತೆಗೆ ಸ್ಕ್ಯಾನ್ ಮಾಡಿದ ಪುಟ ಪರದೆಯಲ್ಲಿ ನೆಟ್ಟಗೆ ಕಂಡರೂ ಒಳಗೆ ನಿಜವಾಗಿ ಮಲಗಿಯೇ ಇರಬಹುದು. "ತೋರಿಸುವಾಗ 90 ಡಿಗ್ರಿ ತಿರುಗಿಸು" ಎಂಬ ಒಂದು ಸೂಚನೆ ಮಾತ್ರ ಅದಕ್ಕೆ ಅಂಟಿಕೊಂಡಿರುತ್ತದೆ. ಈ ಸೂಚನೆಯನ್ನು ಲೆಕ್ಕಿಸದ ತಂತ್ರಾಂಶ ಹೆಡರನ್ನು ಪುಟದ ಪಕ್ಕದಲ್ಲಿ ಕಂಬದ ಹಾಗೆ ನಿಲ್ಲಿಸಿಬಿಡುತ್ತದೆ. ಒಂದು ಪುಟಕ್ಕೆ ಮಾತ್ರ ಹೆಡರ್ ಹಾಕಿ ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ. ತೊಂಬತ್ತಕ್ಕೂ ಹಾಕಿದ ಮೇಲೆ ನೋಡಿದರೆ ಮೊದಲಿನಿಂದ ಶುರು.

ಅಳತೆ ಒಂದಾದ ಮೇಲೆ ಜೋಡಣೆ. ಹತ್ತು ಕಡತಗಳಿಗೆ 01, 02 ಎಂದು ಹೆಸರಿಟ್ಟು ಒಂದು ಫೋಲ್ಡರಿಗೆ ಹಾಕಿದರೆ ಕ್ರಮ ತಪ್ಪುವುದಿಲ್ಲ. ಸೊನ್ನೆ ಬಿಟ್ಟರೆ 10 ಹೋಗಿ 2ರ ಮುಂದೆ ನಿಲ್ಲುತ್ತದೆ.

ಸಂಖ್ಯೆ ಮತ್ತು ಹೆಡರಿಗೆ ನಾವು ಮಾಡಿದ ಉಪಾಯ ಸರಳ. ಲಿಬ್ರೆಆಫೀಸ್ ರೈಟರಿನಲ್ಲಿ ತೊಂಬತ್ತು ಖಾಲಿ ಪುಟಗಳ ಒಂದು ಕಡತ ಮಾಡಿದೆವು. ಅದರಲ್ಲಿ ಇದ್ದದ್ದು ತಲೆಯ ಎಡಕ್ಕೆ ಕಕ್ಷಿದಾರರ ಹೆಸರಿನ ಸಂಕ್ಷೇಪ ಮತ್ತು ಅನುಬಂಧದ ಅಕ್ಷರ, ಬಲಕ್ಕೆ ಪುಟಸಂಖ್ಯೆ, ಅಷ್ಟೆ. ಹೆಡರಿನಲ್ಲಿ ಪ್ರಕರಣದ ಸಂಖ್ಯೆ ಹಾಕೋಣವೆಂದು ನಾನು ಹೇಳಿದಾಗ ಗುಮಾಸ್ತರು ನಕ್ಕರು: "ಸಾರ್, ಫೈಲ್ ಮಾಡಿದ ಮೇಲೆ ತಾನೇ ನಂಬರು ಬೀಳೋದು!" ಪಹಣಿ ಬರುವ 80ರಿಂದ 85ರವರೆಗಿನ ಖಾಲಿ ಪುಟಗಳನ್ನು ಅಡ್ಡಕ್ಕೆ ಇಟ್ಟೆವು. ಇಲ್ಲದಿದ್ದರೆ ನಿಲುವಿನ ಹಾಳೆ ಅಡ್ಡ ಹಾಳೆಯ ನಡುವೆ ಕುಗ್ಗಿ ಕೂತು, ಸಂಖ್ಯೆ ಬೆಳೆ ಕಾಲಮ್ಮಿನ ಮೇಲೆ ಬೀಳುತ್ತದೆ. ಆಮೇಲೆ ಈ ಖಾಲಿ ಹಾಳೆಗಳನ್ನು ಪಾರದರ್ಶಕ ಕಾಗದದಂತೆ ನಿಜವಾದ ಪುಟಗಳ ಮೇಲೆ ಹೊದಿಸಿದೆವು:

```
qpdf --empty --pages 01.pdf 02.pdf ... 10.pdf -- all.pdf
qpdf all.pdf --overlay numbers.pdf -- paged.pdf
```

ಮೊದಲ ಸಾಲಿನಲ್ಲಿ ಚುಕ್ಕೆಗಳ ಜಾಗದಲ್ಲಿ ಉಳಿದ ಕಡತಗಳ ಹೆಸರು ಬರುತ್ತವೆ. ಕಮಾಂಡು ಬೇಡವೆನ್ನುವವರಿಗೆ ಅಡೋಬಿ ಆಕ್ರೊಬ್ಯಾಟಿನ ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ Bates Numbering ಎಂಬ ಸೌಲಭ್ಯ ಇದೇ ಕೆಲಸ ಮಾಡುತ್ತದೆ. 1890ರ ದಶಕದಲ್ಲಿ ಅಮೆರಿಕದ ಎಡ್ವಿನ್ ಬೇಟ್ಸ್ ಪೇಟೆಂಟ್ ಪಡೆದ, ಒಮ್ಮೆ ಒತ್ತಿದರೆ ತಾನಾಗಿ ಮುಂದಿನ ಅಂಕಿಗೆ ಹೊರಳುವ ಸಂಖ್ಯೆಯ ಮೊಹರಿನ ಹೆಸರು ಅದು.

ಬುಕ್‌ಮಾರ್ಕ್ ಯಾವತ್ತೂ ಕೊನೆಗೆ. ಮೇಲಿನಂತೆ ಜೋಡಿಸುವಾಗ ಮೂಲ ಕಡತಗಳ ಬುಕ್‌ಮಾರ್ಕ್‌ಗಳು ಉದುರಿಹೋಗುತ್ತವೆ. ಆಮೇಲೆ ಮತ್ತೆ ಪಿಡಿಎಫ್ ಆಗಿ ಪ್ರಿಂಟ್ ಮಾಡಿದರೆ ಹೊಸದಾಗಿ ಹಾಕಿದ್ದೂ ಹೋಗುತ್ತದೆ. pdftk ಎಂಬ ತಂತ್ರಾಂಶಕ್ಕೆ ಒಂದು ಸಾದಾ ಪಠ್ಯ ಕಡತ ಕೊಟ್ಟರೆ ಸಾಕು. ಪ್ರತಿ ಬುಕ್‌ಮಾರ್ಕಿಗೆ ನಾಲ್ಕು ಸಾಲು:

```
BookmarkBegin
BookmarkTitle: Annexure-A Sale Deed
BookmarkLevel: 1
BookmarkPageNumber: 68
```

```
pdftk paged.pdf update_info_utf8 marks.txt output final.pdf
```

ಇಲ್ಲಿ ಕೇಳುವ ಪುಟಸಂಖ್ಯೆ ಕಡತದ ಮೊದಲ ಹಾಳೆಯಿಂದ ಎಣಿಸಿದ್ದು, ಪುಟದ ಮೇಲೆ ಅಚ್ಚಾದದ್ದಲ್ಲ. ಇಂಡೆಕ್ಸಿನಿಂದಲೇ 1 ಎಂದು ಎಣಿಸಿದ್ದರಿಂದ ನಮಗೆ ಎರಡೂ ಒಂದೇ ಆಯಿತು. ಮುಂದಿನ ಪುಟಗಳಿಗೆ ಎ, ಬಿ, ಸಿ ಎಂದು ಅಕ್ಷರ ಹಾಕಿ ಮೇಲ್ಮನವಿಯಿಂದ 1 ಶುರು ಮಾಡುವ ರೂಢಿಯೂ ಇದೆ. ಅದರಲ್ಲಿ ಅಷ್ಟು ಪುಟಗಳನ್ನು ಕೂಡಿಸಿಕೊಳ್ಳಲು ಮರೆತರೆ ಕ್ರಯಪತ್ರವೆಂದು ಒತ್ತಿದಾಗ ತೀರ್ಪಿನ ಬಾಲ ತೆರೆದುಕೊಳ್ಳುತ್ತದೆ.

ಈ ಕೆಲಸದಲ್ಲಿ ಒಂದು ನಷ್ಟ ತಪ್ಪಿದ್ದಲ್ಲ. ಋಣಭಾರ ಪ್ರಮಾಣಪತ್ರ ಕಾವೇರಿ ತಾಣದಿಂದ ಡಿಜಿಟಲ್ ಸಹಿಯೊಡನೆ ಬಂದಿತ್ತು. ಕಡತದ ಒಂದು ಅಕ್ಷರ ಬದಲಾದರೂ ಅಂಥ ಸಹಿ ಸಿಂಧುವಾಗಿ ಉಳಿಯುವುದಿಲ್ಲ, ನಾವಂತೂ ಅದನ್ನು ಇನ್ನೊಂದು ಕಡತದೊಳಗೆ ಹೊಲಿದು ಮೇಲೆ ಸಂಖ್ಯೆ ಒತ್ತಿದ್ದೆವು. ಸಹಿಯ ಚಿತ್ರ ಕಾಣಬಹುದು, ಪರಿಶೀಲನೆಗೆ ನಿಲ್ಲುವುದಿಲ್ಲ. ಮೂಲ ಪಿಡಿಎಫ್ ಅನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಂಡೆವು, ಕೇಳಿದರೆ ತೋರಿಸಲು.

ಸಂಜೆ ಎಲ್ಲ ಮುಗಿಯಿತೆನ್ನುವಾಗ ಕಕ್ಷಿದಾರರು ಇನ್ನೊಂದು ವರ್ಷದ ಪಹಣಿ ಹಿಡಿದು ಬಂದರು. 85ರ ಪಕ್ಕಕ್ಕೆ 85ಎ ಎಂದು ಸೇರಿಸಿಬಿಡೋಣ ಎಂದ ವಕೀಲ. ಕಾಗದದ ಕಾಲಕ್ಕೆ ಅದು ಸರಿ, ಪರದೆಯಲ್ಲಿ ಆ ಪುಟ 86ನೆಯದಾಗಿ ಅಲ್ಲಿಂದ ಮುಂದೆ ಅಚ್ಚಾದ ಅಂಕಿ, ಎಣಿಕೆಯ ಅಂಕಿ ಎರಡೂ ಬೇರೆಯಾಗುತ್ತವೆ. ರೈಟರಿನಲ್ಲಿ ಒಂದು ಅಡ್ಡ ಪುಟ ಹೆಚ್ಚಿಸಿ, ಇಂಡೆಕ್ಸಿನಲ್ಲಿ ಪಹಣಿ ಮತ್ತು ಅದರ ಕೆಳಗಿನ ಮೂರು ಸಾಲು ತಿದ್ದಿ, ಬುಕ್‌ಮಾರ್ಕ್ ಪಟ್ಟಿಯ ಕೊನೆಯ ಮೂರು ಅಂಕಿಗಳಿಗೆ ಒಂದೊಂದು ಕೂಡಿಸಿ, ಕಮಾಂಡುಗಳನ್ನು ಮತ್ತೆ ಓಡಿಸಿದೆವು. ಕಾಫಿ ತರಲು ಹೋದ ಗುಮಾಸ್ತರು ಬರುವಷ್ಟರಲ್ಲಿ ವಕಾಲತ್ತು 91ನೇ ಪುಟದಲ್ಲಿ ಕೂತಿತ್ತು.